ಖಾಲಿ ಫ್ರೇಮಿನೊಳಗೆ ಚಿತ್ರ ಕೂರಿಸುವುದು ಹೇಗೆ?

ಆನ್‌ಲೈನ್‌ನಲ್ಲಿ ಕಲಾಕೃತಿ ಕೊಳ್ಳುವವರಿಗೆ ಬರೀ ಚಿತ್ರ ತೋರಿಸಿದರೆ ಸಾಲದು. ಅದು ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನೂ ಅವರು ನೋಡಬಯಸುತ್ತಾರೆ. ಪ್ರತಿ ಚಿತ್ರಕ್ಕೂ ಫ್ರೇಮ್ ಹಾಕಿಸಿ, ಮೊಳೆ ಹೊಡೆದು, ಫೋಟೋ ತೆಗೆಯುತ್ತ ಕೂರುವುದು ಎಷ್ಟೋ ಕಲಾವಿದರ ಕೈಲಾಗದ ಮಾತು. ಹಾಗಾಗಿ ಗೋಡೆಯಲ್ಲಿ ತೂಗುಹಾಕಿದ ಒಂದು ಖಾಲಿ ಫ್ರೇಮಿನ ಫೋಟೋ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಅದರೊಳಗೆ ಒಂದೊಂದೇ ಚಿತ್ರ ಕೂರಿಸುತ್ತಾರೆ. ಇದನ್ನೇ ಮಾಕಪ್ ಎನ್ನುವುದು.

ಹೀಗೆ ಮಾಡಿದ ಎಷ್ಟೋ ಮಾಕಪ್‌ಗಳನ್ನು ನೋಡಿದ ಕೂಡಲೇ ಚಿತ್ರವನ್ನು ತಂದು ಅಂಟಿಸಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಇದಕ್ಕೆ ಕಾರಣ ಬಹುಮಟ್ಟಿಗೆ ಒಂದೇ. ಫೋಟೋದಲ್ಲಿ ಕ್ಯಾಮೆರಾ ನಿಂತ ಜಾಗ ಒಂದು, ಬೆಳಕು ಬಂದ ದಿಕ್ಕು ಒಂದು. ಚಿತ್ರದ ಆಕಾರ, ಫ್ರೇಮಿನ ನೆರಳು, ಗಾಜಿನ ಹೊಳಪು ಮೂರೂ ಆ ಎರಡಕ್ಕೆ ಹೊಂದಿಕೊಂಡಿರಬೇಕು. ಯಾವುದಾದರೂ ಒಂದು ಬೇರೆ ದಾರಿ ಹಿಡಿದರೂ ಕಣ್ಣು ಅದನ್ನು ಒಪ್ಪುವುದಿಲ್ಲ.

ಮೈಸೂರು ಸಾಂಪ್ರದಾಯಿಕ ಶೈಲಿಯ ಕೃಷ್ಣನ ಚಿತ್ರವೊಂದನ್ನು ತೆಗೆದುಕೊಳ್ಳೋಣ. ಅಗಲ 30 ಸೆಂ.ಮೀ., ಎತ್ತರ 40 ಸೆಂ.ಮೀ. ಕೋಣೆಯ ಎಡಗೋಡೆಯಲ್ಲಿ ಕಿಟಕಿಯಿದೆ, ಅದು ಚಿತ್ರಕ್ಕಿಂತ ತುಸು ಎತ್ತರದಲ್ಲಿದೆ. ಫೋಟೋ ತೆಗೆದವರು ಫ್ರೇಮಿನ ನೇರಕ್ಕೆ ನಿಲ್ಲದೆ ಸ್ವಲ್ಪ ಬಲಕ್ಕೆ ನಿಂತಿದ್ದಾರೆ. ಹಾಗಾಗಿ ಫ್ರೇಮಿನ ಬಲ ಅಂಚು ಹತ್ತಿರವಾಗಿ ಉದ್ದ ಕಾಣುತ್ತದೆ, ಎಡ ಅಂಚು ದೂರವಾಗಿ ಗಿಡ್ಡ ಕಾಣುತ್ತದೆ.

ಮೊದಲ ಕೆಲಸ ಅಳತೆಯ ಪ್ರಮಾಣ ನೋಡುವುದು. ಚಿತ್ರ 3ಕ್ಕೆ 4ರ ಪ್ರಮಾಣದಲ್ಲಿದೆ. ಫ್ರೇಮಿನ ಒಳಗಿಂಡಿಯೂ ನಿಜದಲ್ಲಿ ಅದೇ ಪ್ರಮಾಣದ್ದಾಗಿರಬೇಕು. ಗಿಂಡಿ 2ಕ್ಕೆ 3ರದ್ದಾಗಿದ್ದರೆ ಕಂಪ್ಯೂಟರ್ ತಕರಾರು ಮಾಡದೆ ಚಿತ್ರವನ್ನು ಎಳೆದು ತುಂಬಿಸಿಬಿಡುತ್ತದೆ, ಕೃಷ್ಣನ ಮುಖ ನೀಳವಾಗುತ್ತದೆ. ಅಂಥ ಕಡೆ ಚಿತ್ರದ ಸುತ್ತ ಬಿಳಿ ಮೌಂಟ್ ಬೋರ್ಡಿನ ಪಟ್ಟಿ ಬಿಟ್ಟು ಪ್ರಮಾಣ ಸರಿದೂಗಿಸಬೇಕು.

ಆಮೇಲೆ ಚಿತ್ರದ ನಾಲ್ಕು ಮೂಲೆಗಳನ್ನು ಗಿಂಡಿಯ ನಾಲ್ಕು ಮೂಲೆಗಳಿಗೆ ಕೂರಿಸುವುದು. ಫೋಟೋಶಾಪ್‌ನಲ್ಲಿ ಇದಕ್ಕೆ Edit > Transform > Distort ಬಳಸಬೇಕು. ಅಲ್ಲೇ ಇರುವ Warp ಬಳಸಿದರೂ ಮೂಲೆಗಳು ಸರಿಯಾಗಿಯೇ ಕೂರುತ್ತವೆ, ಆದರೆ ಒಳಗಿನ ಲೆಕ್ಕ ತಪ್ಪುತ್ತದೆ. ಓರೆಯಿಂದ ನೋಡಿದ ಚಿತ್ರದಲ್ಲಿ ಹತ್ತಿರದ ಅರ್ಧ ಅಗಲವಾಗಿ, ದೂರದ ಅರ್ಧ ಕಿರಿದಾಗಿ ಕಾಣಬೇಕು. Distort ಈ ವ್ಯತ್ಯಾಸವನ್ನು ಉಳಿಸುತ್ತದೆ, Warp ಎರಡೂ ಅರ್ಧಗಳನ್ನು ಸಮ ಮಾಡಿಬಿಡುತ್ತದೆ. ಪರೀಕ್ಷಿಸುವುದು ಸುಲಭ. ಚಿತ್ರವನ್ನು ಕೂರಿಸುವ ಮೊದಲೇ ಅದರ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದಿಡಿ. ಕೂರಿಸಿದ ಮೇಲೆ ಬೇರೊಂದು ಲೇಯರಿನಲ್ಲಿ ಗಿಂಡಿಯ ಮೂಲೆಯಿಂದ ಮೂಲೆಗೆ ನೇರವಾದ ಎರಡು ಗೆರೆ ಎಳೆಯಿರಿ. ನಡುವಿನ ಗೆರೆ ಆ ಎರಡು ಗೆರೆಗಳು ಕೂಡುವ ಬಿಂದುವಿನ ಮೂಲಕವೇ ಹಾಯ್ದರೆ ಕೆಲಸ ಸರಿಯಾಗಿದೆ. ಪಕ್ಕಕ್ಕೆ ಸರಿದಿದ್ದರೆ ತಪ್ಪಿದೆ ಎಂದರ್ಥ.

ನಮ್ಮ ಮನೆಗಳಲ್ಲಿ ಇನ್ನೊಂದು ವಿಶೇಷವಿದೆ. ದೇವರ ಪಟಗಳನ್ನು, ಹಿರಿಯರ ಭಾವಚಿತ್ರಗಳನ್ನು ಮೇಲ್ತುದಿ ಮುಂದಕ್ಕೆ ಬಾಗುವಂತೆ ತೂಗುಹಾಕುವ ರೂಢಿ. ಅಂಥ ಫ್ರೇಮು ಗೋಡೆಗೆ ಸಮಾನಾಂತರವಾಗಿ ಇರುವುದಿಲ್ಲ. ಆದ್ದರಿಂದ ಗೋಡೆಯ ಅಥವಾ ಬಾಗಿಲಿನ ಗೆರೆಗಳನ್ನು ನೋಡಿ ಚಿತ್ರ ಹೊಂದಿಸಬಾರದು. ಫ್ರೇಮಿನ ಒಳ ಅಂಚುಗಳನ್ನೇ ನಂಬಬೇಕು.

ಇನ್ನು ನೆರಳು. ಫ್ರೇಮಿಗೆ ಎರಡು ನೆರಳುಗಳಿವೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಒಂದು ಗೋಡೆಯ ಮೇಲೆ ಬೀಳುವುದು. ಇನ್ನೊಂದು ಫ್ರೇಮಿನ ಒಳ ಅಂಚು ಚಿತ್ರದ ಮೇಲೆ ಚೆಲ್ಲುವುದು. ಬೆಳಕು ಎಡಮೇಲಿನಿಂದ ಬರುವಾಗ ಗೋಡೆಯ ನೆರಳು ಫ್ರೇಮಿನ ಬಲಕ್ಕೂ ಕೆಳಕ್ಕೂ ಬೀಳುತ್ತದೆ. ಒಳ ನೆರಳಾದರೋ ಗಿಂಡಿಯ ಎಡ ಮತ್ತು ಮೇಲಿನ ಅಂಚುಗಳಿಗೆ ಅಂಟಿಕೊಂಡಿರುತ್ತದೆ. ನಾಲ್ಕೂ ಕಡೆ ಒಂದೇ ಸಮನೆ ಕಪ್ಪು ಬಳಿಯುವುದು ಮಾಕಪ್‌ಗಳಲ್ಲಿ ಅತಿ ಸಾಮಾನ್ಯವಾದ ತಪ್ಪು.

ನೆರಳು ಎಷ್ಟು ಅಗಲವಿರಬೇಕು ಎಂಬುದನ್ನು ಫೋಟೋವೇ ಹೇಳುತ್ತದೆ. ನಮ್ಮ ಫ್ರೇಮು ಗೋಡೆಯಿಂದ 2 ಸೆಂ.ಮೀ. ಮುಂದಕ್ಕಿದೆ ಎನ್ನೋಣ. ಫೋಟೋದಲ್ಲಿ ಅದರ ನೆರಳನ್ನು ಅಳೆದಾಗ ಬಲಕ್ಕೆ 40 ಪಿಕ್ಸೆಲ್, ಕೆಳಕ್ಕೆ 16 ಪಿಕ್ಸೆಲ್ ಬಂತು. ಫ್ರೇಮಿನ ಮುಂಭಾಗದಿಂದ ಚಿತ್ರ 1 ಸೆಂ.ಮೀ. ಒಳಗಿದೆ, ಅಂದರೆ ಆಳ ಅರ್ಧ. ಹಾಗಾಗಿ ಒಳ ನೆರಳೂ ಅರ್ಧ: ಎಡ ಅಂಚಿನಲ್ಲಿ ಸುಮಾರು 20, ಮೇಲಿನ ಅಂಚಿನಲ್ಲಿ ಸುಮಾರು 8 ಪಿಕ್ಸೆಲ್. ನೆರಳಿನ ಅಂಚಿನ ಮಸುಕೂ ಇದೇ ಲೆಕ್ಕದಲ್ಲಿ ಅರ್ಧವಾಗಬೇಕು. ಈ ನೆರಳಿಗೆ ಅಪ್ಪಟ ಕಪ್ಪು ಬೇಡ. ಗೋಡೆಯ ಮೇಲಿನ ನೆರಳು ನೀಲಿ ಛಾಯೆಗೋ ಕಂದು ಛಾಯೆಗೋ ವಾಲಿರುವುದನ್ನು ನೋಡಿ, ಅದೇ ಛಾಯೆಯ ಬೂದು ಬಣ್ಣ ತೆಗೆದುಕೊಂಡು ಲೇಯರನ್ನು Multiply ಕ್ರಮದಲ್ಲಿ ಇಡಬೇಕು. ಆಗ ಚಿತ್ರದ ಬಣ್ಣ ಮುಚ್ಚಿಹೋಗದೆ ಮಬ್ಬಾಗುತ್ತದೆ ಅಷ್ಟೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಾಜಿನ ಹೊಳಪು. ಸಾಮಾನ್ಯ ಗಾಜು ನೇರಕ್ಕೆ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಸುಮಾರು ಶೇ. 4ರಷ್ಟನ್ನು, ಎರಡೂ ಮೈ ಸೇರಿ ಸುಮಾರು ಶೇ. 8ರಷ್ಟನ್ನು ಮರಳಿಸುತ್ತದೆ. ಓರೆ ಹೆಚ್ಚಾದಂತೆ ಈ ಪ್ರಮಾಣ ಏರುತ್ತದೆ. ಹೊಳಪು ಎಂದರೆ ಚಿತ್ರದ ಬೆಳಕಿಗೆ ಇನ್ನಷ್ಟು ಬೆಳಕು ಸೇರುವುದು. ಅದಕ್ಕೇ ಅದು ಕೃಷ್ಣನ ಹಿಂದಿನ ಗಾಢ ಹಸಿರಿನಲ್ಲಿ ಎದ್ದು ಕಾಣುತ್ತದೆ, ಬಿಳಿ ಮೌಂಟಿನ ಮೇಲೆ ಕಂಡೂ ಕಾಣದಂತಿರುತ್ತದೆ. ಎಲ್ಲೆಡೆ ಒಂದೇ ಸಮನೆ ಹರಡಿದ ಓರೆಯ ಬಿಳಿ ಪಟ್ಟಿ ಪೇಂಟಿನಂತೆ ಕಾಣುವುದು ಇದರಿಂದಲೇ. ಹೊಳಪಿನ ಲೇಯರ್ Screen ಕ್ರಮದಲ್ಲಿರಬೇಕು, ಒಳ ನೆರಳಿನ ಲೇಯರಿಗಿಂತ ಮೇಲಿರಬೇಕು, ಫ್ರೇಮಿನ ಮರದ ಮೇಲೆ ಹರಿಯಬಾರದು.

ಹೊಳಪು ಎಲ್ಲಿ ಬೀಳಬೇಕು? ಗಾಜಿಗೆ ಬೆಳಕು ಬಿದ್ದ ಕೋನದಲ್ಲೇ ಮರಳುತ್ತದೆ. ಕಿಟಕಿ ಎಡಕ್ಕಿದ್ದು ಕ್ಯಾಮೆರಾ ಬಲಕ್ಕಿರುವ ನಮ್ಮ ಫೋಟೋದಲ್ಲಿ ಗಾಜಿನ ಮೇಲಿನ ಎಡಭಾಗದಲ್ಲಿ ಕಿಟಕಿಯ ಪ್ರತಿಬಿಂಬ ಕಾಣುವುದು ಸಹಜ. ಕ್ಯಾಮೆರಾ ಕಿಟಕಿಯ ಕಡೆಗೇ ನಿಂತಿದ್ದರೆ ಆ ಪ್ರತಿಬಿಂಬ ಚಿತ್ರದ ಹೊರಗೆ ಹೋಗುತ್ತದೆ, ಆಗ ಹೊಳಪನ್ನು ಬಿಡುವುದೇ ಸರಿ.

ಊಹೆಯೇ ಬೇಡ ಎನ್ನುವವರಿಗೆ ಒಳ್ಳೆಯ ಉಪಾಯವಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಬದಲಾಗದಂತೆ ಸ್ಥಿರ ಮಾಡಿ. ಗಾಜಿನ ಹಿಂದೆ ಕಪ್ಪು ಚಾರ್ಟ್ ಹಾಳೆ ಇಟ್ಟು ಒಂದು ಫೋಟೋ, ಗಾಜು ತೆಗೆದು ಬಿಳಿ ಹಾಳೆ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. ಕಪ್ಪು ಹಾಳೆಯ ಮೇಲೆ ಉಳಿಯುವುದು ಹೆಚ್ಚುಕಡಿಮೆ ಗಾಜಿನ ಹೊಳಪು ಮಾತ್ರ, ಅದು Screen ಲೇಯರಿಗೆ. ಬಿಳಿ ಹಾಳೆಯ ಮೇಲೆ ಬೀಳುವುದು ಒಳ ನೆರಳು, ಅದು Multiply ಲೇಯರಿಗೆ. ಹಾಳೆಯ ಕಪ್ಪು ಪೂರ್ತಿ ಕಪ್ಪಾಗುವಂತೆ, ಬಿಳಿ ಪೂರ್ತಿ ಬಿಳಿಯಾಗುವಂತೆ Levels ಸರಿಪಡಿಸಿಕೊಂಡರೆ ಅದೇ ಫ್ರೇಮಿನಲ್ಲಿ ಎಷ್ಟು ಚಿತ್ರ ಬೇಕಾದರೂ ಕೂರಿಸಬಹುದು.

ಆದರೆ ಮೈಸೂರು ಚಿತ್ರಗಳ ಚಿನ್ನದ ರೇಕಿನ ಮಿನುಗು ಇದರಿಂದ ಬರುವುದಿಲ್ಲ. ಸ್ಕ್ಯಾನರಿನಲ್ಲಿ ಚಿನ್ನ ಮಂಕು ಕಂದಾಗಿ ಬರುವುದುಂಟು. ಅಂಥ ಚಿತ್ರವನ್ನು ಸ್ಕ್ಯಾನ್ ಮಾಡದೆ, ಎಡಮೇಲಿನ ಬೆಳಕಿನಲ್ಲೇ ಫೋಟೋ ತೆಗೆದು ಬಳಸಬೇಕು.

ಕೊನೆಯದಾಗಿ ಕಲಾವಿದರಲ್ಲಿ ಒಂದು ಮನವಿ. ಆರಡಿ ಉದ್ದದ ಸೋಫಾದ ಮೇಲೆ ಒಂದಡಿ ಅಗಲದ ಚಿತ್ರ ತೋರಿಸುವಾಗ ಅದು ಸೋಫಾದ ಆರನೇ ಒಂದು ಭಾಗದಷ್ಟೇ ಅಗಲವಿರಲಿ. ನೆರಳು, ಹೊಳಪುಗಳೆಲ್ಲ ಸರಿಯಾದಷ್ಟೂ ನೋಡುವವರು ಆ ಅಳತೆಯನ್ನು ನಂಬುತ್ತಾರೆ. ಚಿತ್ರವನ್ನು ಹಿಗ್ಗಿಸಿ ತೋರಿಸಿದರೆ ಅವರಿಗೆ ಮೋಸ ಮಾಡಿದಂತೆ.