ಹದಿನೈದು ಕೆಬಿಯೊಳಗೆ ಕನ್ನಡದ ಅಕ್ಷರ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಆಟೊಗಳಿಗೆ, ಕಾರುಗಳಿಗೆ, ಕಾರ್ಖಾನೆಯ ಯಂತ್ರಗಳಿಗೆ ರೇಡಿಯಂ ಕಟಿಂಗ್ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತವರು ಕನ್ನಡದಲ್ಲಿ ಹೆಸರು ಟೈಪ್ ಮಾಡಿ, ಕೋರಲ್‌ಡ್ರಾದಲ್ಲಿ Ctrl+Q ಒತ್ತಿ ‘ಕರ್ವ್’ ಮಾಡುತ್ತಾರೆ. ಆಮೇಲೆ ಪ್ಲಾಟರ್‌ನ ಬ್ಲೇಡು ಆ ಗೆರೆಗಳ ಮೇಲೆಯೇ ಓಡಿ ಸ್ಟಿಕ್ಕರ್ ಕತ್ತರಿಸುತ್ತದೆ. ಕಾರ್ ಆಟದೊಳಗಿನ ಕಾರಿಗೆ ಕನ್ನಡದ ಲಿವರಿ ಮಾಡಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಈ ಅಂಗಡಿಯ ಕೆಲಸವನ್ನೇ. ಕಾರಿನ ಮೈಮೇಲಿನ ಬಣ್ಣ, ಪಟ್ಟೆ, ಅಂಕಿ, ಹೆಸರುಗಳ ಇಡೀ ವಿನ್ಯಾಸಕ್ಕೆ ಲಿವರಿ ಎನ್ನುತ್ತಾರೆ. ಅದರಲ್ಲಿ ಅಂಟಿಸುವ ಒಂದೊಂದು ಚಿತ್ರವೂ ಒಂದೊಂದು ಡೆಕಾಲ್.

ಈ ಅಧ್ಯಾಯದಲ್ಲಿ ಒಂದೇ ಆಟವನ್ನು ನೋಡೋಣ: 2022ರ ಮಾರ್ಚ್ 4ರಂದು ಪ್ಲೇಸ್ಟೇಷನ್‌ಗೆ ಬಂದ ಗ್ರಾನ್ ಟುರಿಸ್ಮೊ 7. ಫೋರ್ಜಾ ಹೊರೈಜನ್ ಸರಣಿಯಲ್ಲಿ ಹೊರಗಿನ ಚಿತ್ರವನ್ನು ತರಲು ಬಿಡುವುದಿಲ್ಲ. ಅಲ್ಲಿ ಕನ್ನಡದ ‘ಕ’ ಬೇಕಾದರೂ ಆಟವೇ ಕೊಡುವ ವೃತ್ತ, ಚೌಕ, ಚಂದ್ರಾಕೃತಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಬೇಕು. ಗ್ರಾನ್ ಟುರಿಸ್ಮೊದಲ್ಲಿ ನಮ್ಮದೇ ಚಿತ್ರವನ್ನು ಆಟದ ಜಾಲತಾಣಕ್ಕೆ ಏರಿಸಿ ಡೆಕಾಲ್ ಆಗಿ ಬಳಸಬಹುದು. ಷರತ್ತು ಎರಡು: ಕಡತ SVG ರೂಪದಲ್ಲಿರಬೇಕು, ಅದರ ಗಾತ್ರ 15 ಕೆಬಿ ದಾಟಬಾರದು.

ಮಿತಿ ಇರುವುದು ಯಾವುದಕ್ಕೆ?

ಹದಿನೈದು ಕೆಬಿ ಎಂದ ಕೂಡಲೇ ಹಲವರು ಚಿತ್ರವನ್ನು ಚಿಕ್ಕದು ಮಾಡಲು ಹೊರಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. SVG ಕಡತದಲ್ಲಿ ಚುಕ್ಕೆಗಳ ಚಿತ್ರವಿರುವುದಿಲ್ಲ. ಗೆರೆ ಎಲ್ಲಿಂದ ಹೊರಟು, ಎತ್ತ ಬಾಗಿ, ಎಲ್ಲಿ ಮುಟ್ಟುತ್ತದೆ ಎಂಬ ಬರಹ ಇರುತ್ತದೆ. ಒಂದು ಅಂಕಿಗೆ ಒಂದು ಬೈಟ್. ಹೀಗಾಗಿ 15 ಕೆಬಿ ಎಂದರೆ ಸುಮಾರು 15,000 ಅಂಕಿ-ಅಕ್ಷರಗಳು. ಅದೇ ಹೆಸರನ್ನು ಬೆರಳಗಲ ಬರೆದರೂ ಬಾಗಿಲಗಲ ಬರೆದರೂ ಬಾಗುಗಳ ಸಂಖ್ಯೆ ಬದಲಾಗದು, ಹಾಗಾಗಿ ಕಡತದ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕನ್ನಡಕ್ಕೆ ಈ ಮಿತಿ ಬಿಗಿಯಾಗುವುದು ಇದೇ ಕಾರಣಕ್ಕೆ. ರೋಮನ್ ಲಿಪಿಯ E ಅಥವಾ T ನೇರ ಗೆರೆಗಳಲ್ಲಿ ಮುಗಿಯುತ್ತದೆ. ನೇರ ಗೆರೆಗೆ ಕೊನೆಯ ಬಿಂದುವೊಂದನ್ನು ಹೇಳಿದರೆ ಸಾಕು. ಬಾಗಿದ ಗೆರೆಗೆ ಕೊನೆಯ ಬಿಂದುವಿನ ಜೊತೆಗೆ ಬಾಗನ್ನು ಎಳೆಯುವ ಇನ್ನೆರಡು ಬಿಂದುಗಳನ್ನೂ ಹೇಳಬೇಕು. ನಮ್ಮ ಅಕ್ಷರಗಳಲ್ಲಿ ತಲೆಕಟ್ಟು, ಸುಳಿ, ಕೊಂಬು, ಒತ್ತು ಎಲ್ಲವೂ ಬಾಗಿದವು. ಒಂದು ಅಕ್ಷರದ ಒಳಹೊರ ಅಂಚುಗಳಿಗೆ 30 ಬಾಗುಗಳು ಎಂದಿಟ್ಟುಕೊಳ್ಳೋಣ. ಡ್ರಾಯಿಂಗ್ ತಂತ್ರಾಂಶ ತಾನಾಗಿ ಬರೆದಿಟ್ಟ ಕಡತದಲ್ಲಿ ಒಂದೊಂದು ಬಾಗು 60 ಬೈಟ್ ತಿಂದರೆ, 250 ಬಾಗುಗಳಿಗೇ ನಮ್ಮ ಪಾಲು ಮುಗಿಯುತ್ತದೆ. ಅಂದರೆ ಎಂಟು ಅಕ್ಷರ. ಅದೇ ಬಾಗನ್ನು 20 ಬೈಟ್‌ನಲ್ಲಿ ಹೇಳಿದರೆ 750 ಬಾಗುಗಳು ಹಿಡಿಸುತ್ತವೆ.

ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಕಾಲು ವೃತ್ತದ ಒಂದು ಬಾಗು, ತಂತ್ರಾಂಶ ಬರೆದಂತೆ:

```
M 120.000000,80.000000 C 120.000000,102.091390 102.091390,120.000000 80.000000,120.000000
```

ಅದೇ ಬಾಗು, ದಶಾಂಶಗಳನ್ನು ತೆಗೆದು, ಹಿಂದಿನ ಬಿಂದುವಿನಿಂದ ಎಷ್ಟು ದೂರ ಎಂದಷ್ಟೇ ಬರೆದಾಗ:

```
M120 80c0 22-18 40-40 40
```

ಮೊದಲನೆಯದು 89 ಬೈಟ್, ಎರಡನೆಯದು 24. ಕಾರಿನ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಚಿತ್ರದ ಹಾಳೆಯನ್ನು 1000 ಅಳತೆಯಷ್ಟು ಅಗಲ ಇಟ್ಟು, ಆ ಡೆಕಾಲನ್ನು ಕಾರಿನ ಮೇಲೆ ಒಂದು ಮೀಟರ್ ಅಗಲಕ್ಕೆ ಹಿಗ್ಗಿಸಿದಿರಿ ಎನ್ನಿ. ಆಗ ಒಂದು ಅಳತೆ ಎಂದರೆ ಒಂದು ಮಿಲಿಮೀಟರ್. ಅದಕ್ಕಿಂತ ಸಣ್ಣ ದಶಾಂಶವನ್ನು ಯಾರ ಕಣ್ಣೂ ಹಿಡಿಯದು. ಆದರೆ ಹಾಳೆಯೇ 24 ಅಳತೆ ಅಗಲವಿದ್ದು ದಶಾಂಶ ಕಳೆದರೆ ಸುಳಿಗಳೆಲ್ಲ ಮೊಂಡಾಗಿ ಅಕ್ಷರ ಸೊಟ್ಟಗಾಗುತ್ತದೆ. ಆದ್ದರಿಂದ ಮೊದಲು ಹಾಳೆಯನ್ನು ದೊಡ್ಡದು ಮಾಡಿ, ಆಮೇಲೆ ದಶಾಂಶ ಕಳೆಯಿರಿ.

‘ನಮ್ಮ ಬೆಂಗಳೂರು’: ಒಂದು ಲಿವರಿ

ಬೆಂಗಳೂರಿನ ರಸ್ತೆಯಲ್ಲಿ ಎಲ್ಲರಿಗೂ ಪರಿಚಯದ ಸ್ವಿಫ್ಟ್ ಕಾರಿನ ಸ್ಪೋರ್ಟ್ ಮಾದರಿ ಈ ಆಟದಲ್ಲಿದೆ. ಅದಕ್ಕೆ ರಾಜ್ಯೋತ್ಸವದ ಲಿವರಿ ಮಾಡೋಣ: ಮೇಲೆ ಹಳದಿ, ಕೆಳಗೆ ಕೆಂಪು, ಬಾಗಿಲುಗಳ ಮೇಲೆ ‘ನಮ್ಮ ಬೆಂಗಳೂರು’.

ಅಕ್ಷರದ ಕೆಲಸಕ್ಕೆ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಸಾಕು. ನೋಟೊ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ, Object to Path ಆಜ್ಞೆ ಕೊಡಿ. ಇದು ರೇಡಿಯಂ ಅಂಗಡಿಯವರ ‘ಕರ್ವ್ ಮಾಡು’. ಇದನ್ನು ಬಿಟ್ಟರೆ ಕಡತದಲ್ಲಿ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ, ಡೆಕಾಲ್‌ನಲ್ಲಿ ಅಕ್ಷರ ಮೂಡುವುದಿಲ್ಲ.

ಮುಂದಿನ ಹೆಜ್ಜೆ ಕನ್ನಡಕ್ಕೆ ತೀರ ಮುಖ್ಯ. ಹಲವು ಫಾಂಟುಗಳಲ್ಲಿ ಮೂಲಾಕ್ಷರ ಒಂದು ತುಂಡು, ಕೊಂಬು ಇನ್ನೊಂದು ತುಂಡು. ಎರಡೂ ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಈ ತುಂಡುಗಳು ಇನ್ನೂ ಹೆಚ್ಚು. ‘ಳೂ’ ಅಕ್ಷರವನ್ನು ದೊಡ್ಡದು ಮಾಡಿ, ಬಣ್ಣ ತೆಗೆದು ಬರೀ ಅಂಚು ನೋಡಿದರೆ, ಕೊಂಬು ಸೇರುವ ಜಾಗದಲ್ಲಿ ಗೆರೆಗಳು ಅಡ್ಡ ಹಾಯ್ದದ್ದು ಕಾಣಬಹುದು. ಪ್ಲಾಟರ್‌ನ ಬ್ಲೇಡು ಅಲ್ಲಿ ಅಕ್ಷರವನ್ನೇ ಸೀಳುತ್ತದೆ. ಡೆಕಾಲ್‌ನಲ್ಲಿ ಆ ಜಾಗ ತೂತಾಗಿ ಕಾಣುವ ಅಪಾಯವಿದೆ. ಮದ್ದು ಒಂದೇ: ಇಂಕ್‌ಸ್ಕೇಪ್‌ನಲ್ಲಿ Union, ಕೋರಲ್‌ಡ್ರಾದಲ್ಲಿ Weld. ತುಂಡುಗಳು ಬೆಸೆದು ಒಂದಾಗುತ್ತವೆ, ಒಳಗೆ ಹುದುಗಿದ್ದ ಬಾಗುಗಳು ಮಾಯವಾಗಿ ಬೈಟುಗಳೂ ಉಳಿಯುತ್ತವೆ. ಬೆಸೆಯುವ ಬದಲು Combine ಒತ್ತುವುದು ಸಾಮಾನ್ಯವಾಗಿ ಆಗುವ ತಪ್ಪು; ಕೋರಲ್‌ಡ್ರಾದಲ್ಲಿ ಅದು ಹತ್ತಿಕೂತ ಜಾಗವನ್ನು ತೂತು ಮಾಡುತ್ತದೆ.

ಕೊನೆಗೆ Optimized SVG ಎಂಬ ರೂಪದಲ್ಲಿ ಉಳಿಸಿ. ಅಂಕಿಗಳ ನಿಖರತೆಯನ್ನು ಎಷ್ಟಕ್ಕೆ ಇಳಿಸಬೇಕು ಎಂದು ಅಲ್ಲಿಯೇ ಹೇಳಬಹುದು. ಹೀಗೆ ಮಾಡಿದರೆ ‘ನಮ್ಮ ಬೆಂಗಳೂರು’ ಹದಿನೈದು ಕೆಬಿಯೊಳಗೆ ನಿರಾಳವಾಗಿ ಕೂರುತ್ತದೆ.

ಪದರ ಬೇರೆ, ಬೈಟ್ ಬೇರೆ

ಇನ್ನು ಆಟದೊಳಗಿನ ಕೆಲಸ. ಇಲ್ಲಿ ಬೈಟುಗಳ ಲೆಕ್ಕ ಮುಗಿದು ಪದರಗಳ ಲೆಕ್ಕ ಶುರುವಾಗುತ್ತದೆ. ಅಂಟಿಸಿದ ಒಂದೊಂದು ಡೆಕಾಲೂ ಒಂದು ಪದರ. ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ಕಾರಿಗೆ ಹಳದಿಯನ್ನು ಬಣ್ಣವಾಗಿಯೇ ಬಳಿಯಿರಿ, ಅದಕ್ಕೆ ಪದರ ಬೇಡ. ಕೆಂಪಿಗೆ ಆಟದಲ್ಲೇ ಇರುವ ಚೌಕವನ್ನು ಹಿಗ್ಗಿಸಿದರೆ ಸಾಕು, ಅದಕ್ಕೆ ಕಡತ ಬೇಡ. ಏರಿಸಿದ ಕಡತ ಅಕ್ಷರಕ್ಕೆ ಮಾತ್ರ ಮೀಸಲಿರಲಿ.

ಹಳದಿ-ಕೆಂಪು ಸೇರುವ ಗೆರೆಯ ಮೇಲೆ ಅಕ್ಷರ ಬಂದಾಗ ಒಂದು ತೊಡಕು ಎದುರಾಗುತ್ತದೆ. ‘ಮ್ಮ’ದ ಒತ್ತು ಕೆಳಗೆ ಇಳಿಯುತ್ತದೆ. ಕೆಂಪು ಅಕ್ಷರ ಬರೆದರೆ ಮೇಲಿನ ‘ಮ’ ಚೆನ್ನಾಗಿ ಕಾಣುತ್ತದೆ, ಒತ್ತು ಕೆಂಪಿನಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಅಕ್ಷರಕ್ಕೆ ಬಿಳಿಯ ಅಂಚು ಬೇಕು. ಇಂಕ್‌ಸ್ಕೇಪ್‌ನ Outset ಆಜ್ಞೆಯಿಂದ ಅಕ್ಷರಗಳ ದಪ್ಪನೆಯ ನಕಲು ಮಾಡಿ, ಬಿಳಿ ಬಣ್ಣ ಕೊಟ್ಟು, ಅದೇ ಹಾಳೆಯ ಅಳತೆಯಲ್ಲಿ ಬೇರೆ ಕಡತವಾಗಿ ಏರಿಸಿ. ಆ ಕಡತಕ್ಕೂ ಅದರದೇ 15 ಕೆಬಿ ಸಿಗುತ್ತದೆ. ಆಟದಲ್ಲಿ ಬಿಳಿಯದನ್ನು ಕೆಳಗಿಟ್ಟು, ಅದೇ ಸ್ಥಾನ, ಅದೇ ಅಳತೆಯಲ್ಲಿ ಮೇಲೆ ಅಕ್ಷರ ಇಡಿ. ಒಂದು ಕಡತದಲ್ಲಿ ಹಿಡಿಸದ ಯಾವುದೇ ಚಿತ್ರವನ್ನೂ ಹೀಗೆ ಬಣ್ಣಕ್ಕೊಂದರಂತೆ ಒಡೆದು ಏರಿಸಬಹುದು.

ಒತ್ತಕ್ಷರಕ್ಕೆ ಎತ್ತರವೂ ಬೇಕು. ಬಾಗಿಲಿನ ಹಿಡಿಯ ಕೆಳಗೆ, ಚಕ್ರದ ಕಮಾನಿಗೆ ತಗಲದಂತೆ ಸಾಲನ್ನು ಕೂರಿಸಿ, ಒತ್ತಿನ ಕೆಳತುದಿಯನ್ನು ಪರೀಕ್ಷಿಸಿ. ಡೆಕಾಲ್ ಪಕ್ಕದಿಂದ ಕಾರಿನ ಮೈಮೇಲೆ ಬೀಳುವುದರಿಂದ, ಮೈ ಒಳಕ್ಕೆ ತಿರುಗುವ ಕಡೆ ಚಿತ್ರ ಎಳೆದಂತೆ ಉದ್ದವಾಗುತ್ತದೆ. ಇನ್ನೊಂದು ಬದಿಗೆ ನಕಲು ಮಾಡುವಾಗ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದೆಯೇ ಎಂದು ತಪ್ಪದೆ ನೋಡಿ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಕಡತ 15 ಕೆಬಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿದ್ದರೆ, ಸಾಮಾನ್ಯವಾಗಿ ಯಾವುದೋ ಫೋಟೊವನ್ನು Trace Bitmap ಮಾಡಿರುತ್ತೀರಿ. ಬಿಂದುಗಳನ್ನು ತೋರಿಸುವ ಸಲಕರಣೆಯಿಂದ ಮುಟ್ಟಿ ನೋಡಿ. ನಯವಾದ ಒಂದು ಬಾಗಿಗೆ ಎರಡು ಬಿಂದು ಸಾಕಾಗುವಲ್ಲಿ ಹತ್ತಾರು ಬಿಂದುಗಳು ಮುತ್ತಿರುತ್ತವೆ. ಗಂಡಭೇರುಂಡದಂಥ ಚಿತ್ರವನ್ನು ಫೋಟೊದ ಮೇಲೆ ಕೈಯಿಂದಲೇ ಹೊಸದಾಗಿ ಎಳೆಯುವುದೇ ಸರಿಯಾದ ದಾರಿ. ಏರಿಸಿದ ಮೇಲೆ ಬಣ್ಣವೆಲ್ಲ ಕಪ್ಪಾಗಿದ್ದರೆ, ಬಣ್ಣದ ಮಾಹಿತಿ ಕಡತದ ತಲೆಯಲ್ಲಿರುವ ಶೈಲಿಪಟ್ಟಿಯಲ್ಲಿದೆ ಎಂದು ತಿಳಿಯಿರಿ. ಅದು ಒಂದೊಂದು ಆಕಾರದ ಜೊತೆಗೇ `fill="#c00"` ಎಂಬಂತೆ ಇರಬೇಕು. ಗೆರೆಗಳು ಕಾಣೆಯಾಗಿದ್ದರೆ Stroke to Path ಮಾಡಿ ಅವನ್ನೂ ತುಂಬಿದ ಆಕಾರಗಳಾಗಿಸಿ. ಒಳಗೆ ಫೋಟೊ ಹುದುಗಿಸಿದ SVG ಇಲ್ಲಿ ನಡೆಯುವುದಿಲ್ಲ.

ಹಂಚುವಾಗ

ಮುಗಿದ ಲಿವರಿಯನ್ನು ಆಟದೊಳಗಿಂದಲೇ ಎಲ್ಲರಿಗೂ ಅಥವಾ ಸ್ನೇಹಿತರಿಗೆ ಮಾತ್ರ ಹಂಚಬಹುದು. ಎಲ್ಲರಿಗೂ ಹಂಚುವುದಾದರೆ ಬೇರೆ ಕಂಪನಿಯ ಅಥವಾ ಸಂಸ್ಥೆಯ ಲಾಂಛನ ಅಂಟಿಸಬೇಡಿ. ಹಕ್ಕುದಾರರು ಆಕ್ಷೇಪಿಸಿದರೆ ಲಿವರಿಯನ್ನೇ ತೆಗೆದುಹಾಕಬಹುದು.

ಹಂಚಿಕೆಯೆಲ್ಲ ನಡೆಯುವುದು ಆಟದ ಕಂಪನಿಯ ಸರ್ವರ್ ಮೇಲೆ. ಲಿವರಿಯನ್ನು ಕಡತವಾಗಿ ಹೊರಗೆ ತೆಗೆಯಲು ದಾರಿಯಿಲ್ಲ, ಫೋಟೊ ತೆಗೆದುಕೊಳ್ಳಬಹುದು ಅಷ್ಟೆ. ಇದೇ ಸರಣಿಯ ಹಿಂದಿನ ಆಟ ಗ್ರಾನ್ ಟುರಿಸ್ಮೊ ಸ್ಪೋರ್ಟ್ 2017ರ ಅಕ್ಟೋಬರ್‌ನಲ್ಲಿ ಬಂತು. 2024ರ ಜನವರಿ 31ಕ್ಕೆ ಅದರ ಆನ್‌ಲೈನ್ ಸೇವೆ ನಿಂತಿತು, ಲಿವರಿ ಹಂಚಿಕೆಯೂ ಅದರೊಂದಿಗೇ ಮುಗಿಯಿತು. ಆದ್ದರಿಂದ ಟೈಪ್ ಮಾಡಿದ ಮೂಲ ಕಡತ, ಕರ್ವ್ ಮಾಡಿದ ಕಡತ, ಏರಿಸಿದ SVG, ಮೂರನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಜೋಪಾನವಾಗಿಡಿ. ಅವು ಇದ್ದರೆ ಮುಂದಿನ ಆಟಕ್ಕೂ ಆಗುತ್ತವೆ. ಪೀಣ್ಯದ ಅಂಗಡಿಗೆ ಕೊಟ್ಟರೆ ನಿಮ್ಮ ನಿಜವಾದ ಕಾರಿಗೂ ಅದೇ ಅಕ್ಷರ ಕತ್ತರಿಸಿಕೊಡುತ್ತಾರೆ.