ಅಂಗಿಯ ಮೇಲಿನ ಬಿಳಿ ಗೆರೆ

ಮೇ ತಿಂಗಳ ಕಲಬುರಗಿಯಲ್ಲಿ ಸ್ಲ್ಯಾಬ್ ಹಾಕಿ ನೆರಳಿಗೆ ಬಂದವರ ಬೆನ್ನು ನೋಡಿ. ಅಂಗಿ ಆರಿದ ಹಾಗೆ ಬಿಳಿ ಗೆರೆಗಳು ಮೂಡುತ್ತವೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಬೆವರಿನ ನೀರು ಆರಿದ ಮೇಲೆ ಉಳಿದ ಉಪ್ಪು ಅದು.

ಎಷ್ಟು ಹೋಯಿತೆಂದು ತಿಳಿಯಲು ತೂಕದ ಯಂತ್ರ ಸಾಕು. ಬೆಳಿಗ್ಗೆ ಎಂಟಕ್ಕೆ 60 ಕಿಲೋ ಇದ್ದ ಗಾರೆ ಆಳು ಹನ್ನೆರಡಕ್ಕೆ 58.5 ಕಿಲೋ ತೂಗಿದ ಎನ್ನಿ. ನಡುವೆ ಎರಡು ಲೀಟರ್ ನೀರು ಕುಡಿದಿದ್ದಾನೆ, ಏನೂ ತಿಂದಿಲ್ಲ, ಮೂತ್ರಕ್ಕೂ ಹೋಗಿಲ್ಲ. ಇಳಿದ ಒಂದೂವರೆ, ಕುಡಿದ ಎರಡು ಸೇರಿಸಿದರೆ ಸುಮಾರು 3.5 ಲೀಟರ್ ಬೆವರು. ಒಬ್ಬೊಬ್ಬರ ಬೆವರು ಒಂದೊಂದು ಥರ, ಆದರೂ ಲೀಟರಿಗೆ 2ರಿಂದ 3 ಗ್ರಾಂ ಉಪ್ಪು ಸಾಮಾನ್ಯ. ಅಂದರೆ ಅರ್ಧ ದಿನಕ್ಕೇ ಒಂದೂವರೆ ಟೀ ಚಮಚದಷ್ಟು ಉಪ್ಪು ಮೈಬಿಟ್ಟಿದೆ.

ಆ ಜಾಗಕ್ಕೆ ಬರೀ ನೀರನ್ನೇ ತುಂಬುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇಂಗ್ಲೆಂಡಿನ ಬಿಸಿ ಕಲ್ಲಿದ್ದಲು ಗಣಿಗಳಲ್ಲಿ ನೀರು ಚೆನ್ನಾಗಿ ಕುಡಿಯುತ್ತಿದ್ದ ಕಾರ್ಮಿಕರಿಗೇ ಸ್ನಾಯು ಹಿಡಿದುಕೊಳ್ಳುತ್ತಿತ್ತು. ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಅದು ಕಡಿಮೆಯಾದುದನ್ನು ಕೆ. ನೆವಿಲ್ ಮಾಸ್ 1923ರಲ್ಲಿ ವರದಿ ಮಾಡಿದರು. ನಮ್ಮಲ್ಲೂ ರಾತ್ರಿ ಮೀನಖಂಡ ಹಿಡಿದು ಎದ್ದು ಕೂರುವ ಆಳುಗಳಿದ್ದಾರೆ. ಎಲ್ಲ ಸೆಳೆತಕ್ಕೂ ಉಪ್ಪಿನ ಕೊರತೆಯೇ ಕಾರಣವಲ್ಲ, ಆದರೆ ಬೆವರು ಹರಿದ ದಿನ ಮೊದಲು ಅದನ್ನೇ ಅನುಮಾನಿಸಬೇಕು. ನೀರು ಕುಡಿದೂ ಕುಡಿದೂ ತಲೆನೋವು, ವಾಂತಿ ಬಂದು, ತೂಕ ಬೆಳಗಿನದಕ್ಕಿಂತ ಏರಿದ್ದರೆ ಇನ್ನಷ್ಟು ನೀರು ಕುಡಿಸುವುದೇ ಅಪಾಯ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ತುಂಬುವುದು ಹೇಗೆ? ಕಾಲು ಗಂಟೆಗೊಂದು, ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು. ಗಂಟೆಗೆ ಒಂದೂವರೆ ಲೀಟರ್ ಮೀರುವುದು ಬೇಡ. ಉಪ್ಪಿನ ಬಹುಪಾಲು ಬುತ್ತಿಯಲ್ಲೇ ಬರಬೇಕು: ರೊಟ್ಟಿಯ ಜೊತೆಗಿನ ಚಟ್ನಿ, ಉಪ್ಪಿನಕಾಯಿ, ಪಲ್ಯ. ಹೊಟ್ಟೆ ತುಂಬ ಉಂಡವನಿಗೆ ಉಪ್ಪಿನ ಮಾತ್ರೆ ಬೇಕಿಲ್ಲ, ಅದು ಹೊಟ್ಟೆ ತೊಳಸುತ್ತದೆ. ಊಟ ಬಿಟ್ಟು ಬಂದವನು, ದಿನವಿಡೀ ಬೆವರುವವನು ಒಂದು ಲೀಟರ್ ನೀರುಮಜ್ಜಿಗೆಗೆ ಅರ್ಧ ಟೀ ಚಮಚ ಉಪ್ಪು ಹಾಕಿಕೊಳ್ಳಲಿ. ಹೆಚ್ಚುಕಡಿಮೆ ಬೆವರಿನಷ್ಟೇ ಉಪ್ಪು ಅದರಲ್ಲಿರುತ್ತದೆ. ಒಆರ್‌ಎಸ್ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು.

ನನ್ನ ಆತಂಕ ಹೊಸದಾಗಿ ಬಂದ ಆಳಿನ ಬಗ್ಗೆ. ಬಿಸಿಲಿಗೆ ಒಗ್ಗಿದ ಮೈ ಬೆವರಿನಿಂದ ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಕಲಿಯಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಅವನ ಬೆವರು ಹೆಚ್ಚು ಉಪ್ಪು. ಮೇಸ್ತ್ರಿ ಮೊದಲ ವಾರ ಅವನಿಗೆ ಅರ್ಧ ಹೊತ್ತಿನ ಬಿಸಿಲಿನ ಕೆಲಸವನ್ನಷ್ಟೇ ಕೊಟ್ಟು, ಮಧ್ಯಾಹ್ನ ಅವನ ಬುತ್ತಿ ಖಾಲಿಯಾಗಿದೆಯೇ ಎಂದು ನೋಡಬೇಕು.