ವಾರದ ಹಾಡು, ತಿಂಗಳ ಹಾಡು

ಶಿಶುವಿಹಾರಕ್ಕೆ ಹೋಗುವ ಮಗುವಿಗೆ ವಾರದ ಹೆಸರುಗಳನ್ನು ಕಲಿಸುವುದು ಬಹಳ ಸುಲಭವೆಂದು ನಾವೆಲ್ಲ ಎಣಿಸಿರುತ್ತೇವೆ. ನಾಲ್ಕು ದಿನ ಹೇಳಿಕೊಟ್ಟರೆ ಐದನೆಯ ದಿನ ಮಗು ಸೋಮವಾರದಿಂದ ಭಾನುವಾರದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತದೆ. ಮನೆಗೆ ಬಂದ ನೆಂಟರೆಲ್ಲ ಭಲೆ ಎನ್ನುತ್ತಾರೆ. ಆದರೆ, "ಬುಧವಾರ ಆದಮೇಲೆ ಯಾವ ವಾರ, ಪುಟ್ಟಾ?" ಎಂದು ಕೇಳಿ ನೋಡಿ. ಪುಟ್ಟ ತಬ್ಬಿಬ್ಬಾಗುತ್ತಾನೆ, ಇಲ್ಲವೆ ಮತ್ತೆ ಸೋಮವಾರದಿಂದ ಹೊರಡುತ್ತಾನೆ. ಅವನು ಕಲಿತದ್ದು ಏಳು ಹೆಸರುಗಳನ್ನಲ್ಲ. ಏಳು ತುಂಡಿನ ಒಂದು ಉದ್ದನೆಯ ಮಾತನ್ನು.

ಇದಕ್ಕೊಂದು ಕಾರಣವುಂಟು. ಏಳು ಹೆಸರುಗಳಿಗೂ ಬಾಲ ಒಂದೇ: ವಾರ, ವಾರ, ವಾರ. ಎಲ್ಲದರ ಕೊನೆಯೂ ಒಂದೇ ಆದಾಗ ಕಿವಿಗೆ ಇಂಪೇನೋ ಹೌದು, ಆದರೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಅದು ನೆರವಾಗದು. ಪ್ರಾಸವು ಹೆಸರಿನ ಬಾಲವನ್ನು ಬಿಟ್ಟು ತಲೆಯನ್ನು ಹಿಡಿಯಬೇಕು. ನಮ್ಮ ಹಳೆಯ ಕವಿಗಳು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಡುತ್ತಿದ್ದರಷ್ಟೆ. ಅದೇ ಉಪಾಯವನ್ನು ಒಂದೊಂದು ಸಾಲಿನ ಒಳಗೇ ತಂದರೆ ಹೇಗಾಗುತ್ತದೆಂದು ನೋಡಲು ಇಲ್ಲೊಂದು ಹಾಡು ಕಟ್ಟಿದ್ದೇನೆ:

ಸೋಮವಾರ ಮಾಮನ ಕರೆ,
ಮಂಗಳವಾರ ಬಂಗಲೆ ಬರೆ;
ಬುಧವಾರ ಪದ ಹಾಡು,
ಗುರುವಾರ ಮರ ನೋಡು;
ಶುಕ್ರವಾರ ಚಕ್ರ ಬಿಡು,
ಶನಿವಾರ ಹನಿ ಕೊಡು;
ಭಾನುವಾರ ನಾನು ನೀನು,
ಮತ್ತೆ ಬರುವ ಸೋಮ ತಾನು!

ಸೋಮಕ್ಕೆ ಮಾಮ, ಮಂಗಳಕ್ಕೆ ಬಂಗಲೆ, ಶುಕ್ರಕ್ಕೆ ಚಕ್ರ, ಶನಿಗೆ ಹನಿ. ಹೆಸರು ಮರೆತರೂ ಕೆಲಸ ನೆನಪಿದ್ದರೆ ಸಾಕು, 'ಚಕ್ರ' ಎಂದೊಡನೆ 'ಶುಕ್ರ' ನಾಲಿಗೆಗೆ ಬರುತ್ತದೆ. ಬುಧ, ಪದಗಳಲ್ಲಿ ಧಕಾರ ದಕಾರ ಬೇರೆಯಾದರೂ ಮಗುವಿನ ಕಿವಿಗೆ ಅಷ್ಟು ಹೋಲಿಕೆ ಸಾಲುತ್ತದೆ. ಸಾಲಿನ ಕೊನೆಯ ಪ್ರಾಸಕ್ಕೆ ಬೇರೆ ಕೆಲಸ. ಅದು ಎರಡೆರಡು ದಿನಗಳನ್ನು ಜೋಡಿಮಾಡುತ್ತದೆ. ಕೊನೆಯ ಸಾಲು ಭಾನುವಾರವನ್ನು ಸೋಮವಾರಕ್ಕೆ ಗಂಟುಹಾಕುತ್ತದೆ. ವಾರವು ಗೆರೆಯಲ್ಲ, ಬಳೆ. ಹಾಡು ಭಾನುವಾರಕ್ಕೆ ನಿಂತುಬಿಟ್ಟರೆ ಮಗುವಿಗೆ ಆ ಬಳೆ ಕಾಣುವುದೇ ಇಲ್ಲ.

ಇನ್ನು ತಾಳದ ಮಾತು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು ಎಂದು ಎಣಿಸಿದರೆ ಮಂಗಳಕ್ಕೆ ನಾಲ್ಕು, ಸೋಮ, ಶುಕ್ರ, ಭಾನುಗಳಿಗೆ ಮೂರು, ಬುಧ, ಗುರು, ಶನಿಗಳಿಗೆ ಎರಡೇ. ಆದ್ದರಿಂದ ಪ್ರತಿ ಚಪ್ಪಾಳೆಗೂ ನಾಲ್ಕು ಮಾತ್ರೆಯ ಕಾಲ ಕೊಡಬೇಕು. ಆಗ 'ಮಂಗಳ' ತುಂಬಿ ಕೂರುತ್ತದೆ, ಉಳಿದವಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಸಾಲಿಗೆ ನಾಲ್ಕು ಚಪ್ಪಾಳೆ: ಹೆಸರಿಗೊಂದು, 'ವಾರ'ಕ್ಕೊಂದು, ಉಳಿದ ಎರಡು ಕೆಲಸಕ್ಕೆ. ತಪ್ಪುವುದು ಬಿಡುವಿನ ಜಾಗದಲ್ಲಿ. ಕಾಲ ತುಂಬಿಸಲು ಮಕ್ಕಳು 'ಬುಧಾವಾರ', 'ಗುರೂವಾರ' ಎಂದು ಎಳೆಯುತ್ತಾರೆ. ಅದು ಆಮೇಲೆ ಬರವಣಿಗೆಗೂ ಹತ್ತಿಕೊಳ್ಳುತ್ತದೆ. 'ಬುಧ' ಎಂದು ಚುಟುಕಾಗಿ ನುಡಿದು, ಮುಂದಿನ ಚಪ್ಪಾಳೆಯವರೆಗೆ ಸುಮ್ಮನಿರುವುದನ್ನು ಮೊದಲ ದಿನವೇ ರೂಢಿಮಾಡಿಸಿ.

ಹಾಡನ್ನು ಒಮ್ಮೆಗೇ ಕಲಿಸಬೇಡಿ. ಸೋಮವಾರ ಬೆಳಗ್ಗೆ ಮೊದಲ ಸಾಲು ಹಾಡಿ, ಆ ದಿನವೇ ಸೋದರಮಾವನಿಗೆ ದೂರವಾಣಿ ಮಾಡಿಸಿ. ಮಂಗಳವಾರ ಎರಡನೆಯ ಸಾಲು ಹಾಡಿ, ಹಲಗೆಯ ಮೇಲೆ ಬಂಗಲೆ ಬರೆಯಿಸಿ. ಊರಿನಲ್ಲಾದರೆ 'ಅಂಗಳ ಗುಡಿಸು' ಎನ್ನಬಹುದಿತ್ತು. ಮುಂಬಯಿಯ ಮೂರನೆಯ ಮಹಡಿಯಲ್ಲಿ ಅಂಗಳವೆಲ್ಲಿ? ಮಾಡಲಾಗದ ಕೆಲಸ ಹಾಡಿನಲ್ಲಿದ್ದರೆ ಅದು ಬರಿಯ ಸದ್ದಾಗಿ ಉಳಿಯುತ್ತದೆ. ಶನಿವಾರದ ಹನಿ ಕಿಟಕಿಯ ತುಳಸಿ ಗಿಡಕ್ಕೆ. ಮೊದಲ ವಾರ ಹೀಗೆ ಕಳೆಯಲಿ. ಎರಡನೆಯ ವಾರ ದಿನಕ್ಕೊಂದು ಸಾಲಿನಿಂದ ಹಾಡು ಹೊರಡಲಿ: ಬುಧವಾರ ಬುಧವಾರದಿಂದ, ಶನಿವಾರ ಶನಿವಾರದಿಂದ. ನಡುವಿನಿಂದ ಹಾಡಲು ಬಂದ ಮಗುವಿಗೆ 'ಆಮೇಲೆ ಯಾವುದು' ಎಂಬ ಪ್ರಶ್ನೆ ಕಷ್ಟವಾಗದು. 'ಹಿಂದಿನ ದಿನ ಯಾವುದು' ಎಂಬುದು ಅದಕ್ಕಿಂತ ಕಠಿಣ. ಅದನ್ನು ಇನ್ನೂ ಕೆಲವು ವಾರ ಬಿಟ್ಟು ಕೇಳಿ.

ಹೊರನಾಡಿನ ಮನೆಗಳಲ್ಲಿ ಇನ್ನೊಂದು ತೊಡಕುಂಟು. ನಮ್ಮ ಭಾನುವಾರ ಪುಣೆಯ ಶಾಲೆಯಲ್ಲಿ ರವಿವಾರ, ಹೈದರಾಬಾದಿನಲ್ಲಿ ಆದಿವಾರ, ಚೆನ್ನೈಯಲ್ಲಿ ಞಾಯಿರು. ಊರಿನಿಂದ ಬಂದ ಅಜ್ಜಿ ಐತವಾರ ಎನ್ನಬಹುದು, ಗುರುವಾರವನ್ನು ಬೇಸ್ತವಾರ ಎನ್ನಬಹುದು. ಇದರಿಂದ ಗಾಬರಿಪಡಬೇಕಾಗಿಲ್ಲ. ಭಾನು, ರವಿ, ಆದಿತ್ಯ, ಞಾಯಿರು ಎಲ್ಲವೂ ಸೂರ್ಯನೇ ಎಂದು ಒಂದು ಸೂರ್ಯನ ಚಿತ್ರ ತೋರಿಸಿದರೆ ಮಗು ಒಪ್ಪಿಕೊಳ್ಳುತ್ತದೆ. ನಿಜವಾದ ಗೊಂದಲ ಬರುವುದು ಹಿಂದಿಯ 'ಕಲ್' ಶಬ್ದದಿಂದ. ಅದು ನಿನ್ನೆಯೂ ಹೌದು, ನಾಳೆಯೂ ಹೌದು. ಮರಾಠಿಯಲ್ಲಿ ಅದನ್ನೇ ಹೋಲುವ 'ಕಾಲ' ಎಂದರೆ ನಿನ್ನೆ ಮಾತ್ರ. ಆದ್ದರಿಂದ ದಿನವೂ ಹಾಡು ಮುಗಿದಮೇಲೆ "ನಿನ್ನೆ ಪದ ಹಾಡಿದೆವು, ಇಂದು ಮರ ನೋಡಿದೆವು, ನಾಳೆ ಚಕ್ರ ಬಿಡೋಣ" ಎಂದು ಮೂರು ಮಾತು ಸೇರಿಸಿ. ಕ್ರಿಯಾಪದವೇ ನಿನ್ನೆ ನಾಳೆಗಳನ್ನು ಬೇರೆಮಾಡಿ ತೋರಿಸುತ್ತದೆ.

ವಾರ ಗಟ್ಟಿಯಾದಮೇಲೆ ತಿಂಗಳು. ವಾರವಾದರೆ ಏಳು ದಿನಕ್ಕೊಮ್ಮೆ ಮರಳಿ ಬಂದು ಪಾಠ ಒಪ್ಪಿಸಿಕೊಳ್ಳುತ್ತದೆ. ಜನವರಿ ಮರಳಿ ಬರುವ ಹೊತ್ತಿಗೆ ಮಗುವಿಗೆ ಒಂದು ವರ್ಷ ತುಂಬಿರುತ್ತದೆ. ಆದಕಾರಣ ಹನ್ನೆರಡನ್ನೂ ಒಟ್ಟಿಗೆ ಹೇರಬಾರದು. ಮೊದಲ ಎಂಟರಲ್ಲಿ ಜನವರಿ, ಫೆಬ್ರವರಿ ಎರಡನ್ನು ಬಿಟ್ಟರೆ ಉಳಿದವುಗಳ ಸದ್ದು ಬೇರೆಬೇರೆ. ಅವು ಅಷ್ಟಾಗಿ ತೊಂದರೆ ಕೊಡವು. ಎಡವುವುದು ಕೊನೆಯ ನಾಲ್ಕರಲ್ಲಿ. ಅಲ್ಲಿ ಮತ್ತೆ ಅದೇ ಬಾಲದ ಕಾಟ: ಬರ್, ಬರ್, ಬರ್, ಬರ್. ನವೆಂಬರು ಸೆಪ್ಟೆಂಬರಿನ ಜಾಗಕ್ಕೆ ಹಾರುತ್ತದೆ. ಮದ್ದು ಹಿಂದಿನದೇ, ಆದರೆ ಈ ಸಲ ಮೊದಲ ಅಕ್ಷರವನ್ನು ಹಿಡಿಯೋಣ:

ಸೆಪ್ಟೆಂಬರು ಸೇವಂತಿ ಹೂ,
ಅಕ್ಟೋಬರು ಅಜ್ಜ ಗಾಂಧಿ;
ನವೆಂಬರು ನಮ್ಮ ನಾಡು,
ಡಿಸೆಂಬರು ಡಣಡಣ ಗಂಟೆ.

ಅಕ್ಟೋಬರ್ 2 ಗಾಂಧೀಜಯಂತಿ; ಡಣಡಣ ಗಂಟೆ ಕ್ರಿಸ್ಮಸ್ಸಿನದು. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾದದ್ದರಿಂದ ಆ ಸಾಲಿಗೆ ಸಂಘದ ರಾಜ್ಯೋತ್ಸವವೇ ಪಾಠವಾಗುತ್ತದೆ. ಈ ಹಾಡನ್ನು ಸೆಪ್ಟೆಂಬರಿನಲ್ಲಿ ತೊಡಗಿ ತಿಂಗಳಿಗೊಂದು ಸಾಲಿನಂತೆ ಕಲಿಸಿದರೆ ಪ್ರತಿ ಸಾಲೂ ತನ್ನ ತಿಂಗಳಿನಲ್ಲಿಯೇ ಬರುತ್ತದೆ.

ಚೈತ್ರ, ವೈಶಾಖಗಳನ್ನು ಶಿಶುವಿಹಾರದ ವಯಸ್ಸಿಗೆ ಕಲಿಸಬೇಕೆ? ಹೆಸರುಗಳ ತಲೆ ಬೇರೆಬೇರೆಯಾದರೂ ಜ್ಯೇಷ್ಠ, ಆಶ್ವಯುಜಗಳ ಒತ್ತಕ್ಷರಗಳು ಎಳೆಯ ನಾಲಿಗೆಗೆ ಭಾರ. ಮೇಲಾಗಿ ಚೆನ್ನೈಯ ನೆರೆಹೊರೆಯಲ್ಲಿ ಚಿತ್ತಿರೈ ತಿಂಗಳು ಸೂರ್ಯನ ಲೆಕ್ಕದಲ್ಲಿ ಏಪ್ರಿಲ್ ನಡುವೆ ಹುಟ್ಟುತ್ತದೆ. ದೆಹಲಿಯಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹೀಗಾಗಿ ಕೃಷ್ಣಾಷ್ಟಮಿ ನಮಗೆ ಶ್ರಾವಣ, ಅವರಿಗೆ ಭಾದ್ರಪದ, ದಿನ ಮಾತ್ರ ಅದೇ. ಸದ್ಯಕ್ಕೆ ಯುಗಾದಿಗೆ ಚೈತ್ರ, ಗಣಪತಿಗೆ ಭಾದ್ರಪದ, ದೀಪಗಳಿಗೆ ಕಾರ್ತಿಕ ಎಂದು ಮೂರು ಹೆಸರು ಕಿವಿಗೆ ಬಿದ್ದರೆ ಸಾಕು. ಉಳಿದವು ಓದು ಬಂದಮೇಲೆ ಬರಲಿ.

ಮಗುವಿಗೆ ವಾರ ಗೊತ್ತಾಯಿತೆಂದು ತಿಳಿಯುವ ಬಗೆ ಹಾಡು ಒಪ್ಪಿಸುವುದಲ್ಲ. ಗುರುವಾರ ಸಂಜೆ ಯಾರೂ ಕೇಳದೆ "ಅಮ್ಮಾ, ನಾಳೆ ಚಕ್ರ ಬಿಡೋದು ಅಲ್ವಾ?" ಎಂದು ಅದು ತಾನಾಗಿ ಕೇಳಬೇಕು. ಆ ದಿನದಿಂದ ಹಾಡಿನ ಅಗತ್ಯ ಮುಗಿಯಿತೆಂದೇ ತಿಳಿಯಿರಿ. ಆಮೇಲೆ ಮಗು ಅದನ್ನು ಹಾಡಿದರೆ, ಅದು ಸಂತೋಷಕ್ಕಾಗಿ.